ಕಬ್ಬಿಣದ ಗುಂಡು ಬಲೂನಿನ ಹಾಗೆ ತೇಲುವುದು ಯಾಕೆ?

"ಬ್ಲೆಂಡರ್‌ನಲ್ಲಿ ಕಬ್ಬಿಣದ ಗುಂಡು ಎದೆಯೆತ್ತರದಿಂದ ನೆಲಕ್ಕೆ ಬೀಳೋ ಅನಿಮೇಷನ್ ಮಾಡಿದೀನಿ. ಬೀಳೋಕೆ 24 ಫ್ರೇಮ್ ಕೊಟ್ಟಿದೀನಿ, ಕರ್ವ್ ಮುಟ್ಟಿಲ್ಲ. ನೋಡಿದ್ರೆ ಬಲೂನ್ ಥರ ತೇಲುತ್ತೆ. ಸ್ಕ್ವಾಶ್ ಜಾಸ್ತಿ ಕೊಡಬೇಕಾ?"

ಸ್ಕ್ವಾಶ್ ಬೇಡ, ಇರುವುದನ್ನೂ ತೆಗೆಯಿರಿ. ನೆಲಕ್ಕೆ ಬಡಿದಾಗ ಚಪ್ಪಟೆಯಾದರೆ ಅದು ರಬ್ಬರ್ ಆಗುತ್ತದೆ, ಕಬ್ಬಿಣ ಅಲ್ಲ. ನಿಮ್ಮ ತೊಂದರೆ ಇರುವುದು ಫ್ರೇಮುಗಳ ಸಂಖ್ಯೆಯಲ್ಲಿ ಮತ್ತು ಅವುಗಳ ನಡುವಿನ ದೂರದಲ್ಲಿ.

ಭಾರವಾದದ್ದು ಬೇಗ ಬೀಳುತ್ತದೆ ಅಂತ ನಮಗೆಲ್ಲ ಅನಿಸುತ್ತದೆ, ಅಲ್ವಾ? ಆದರೆ ಕಬ್ಬಿಣದ ಗುಂಡು, ಟೆನಿಸ್ ಚೆಂಡು ಎರಡನ್ನೂ ಎದೆಯೆತ್ತರದಿಂದ ಒಟ್ಟಿಗೆ ಬಿಟ್ಟು ನೋಡಿ. ಹೆಚ್ಚುಕಡಿಮೆ ಒಟ್ಟಿಗೇ ನೆಲ ಮುಟ್ಟುತ್ತವೆ. 1.2 ಮೀಟರ್ ಬೀಳಲು ಅರ್ಧ ಸೆಕೆಂಡ್ ಸಾಕು. ಸೆಕೆಂಡಿಗೆ 24 ಫ್ರೇಮ್ ಅಂದುಕೊಂಡರೆ 12 ಫ್ರೇಮ್. ನೀವು ಕೊಟ್ಟ 24 ಫ್ರೇಮಿನಲ್ಲಿ ವಸ್ತು ಸುಮಾರು 5 ಮೀಟರ್ ಬೀಳಬೇಕು. ಇದೇ 1.2 ಮೀಟರ್ ಬೀಳಲು ಚಂದ್ರನ ಮೇಲೆ 29 ಫ್ರೇಮ್ ಹಿಡಿಯುತ್ತದೆ. ಅಂದರೆ ನಿಮ್ಮ ಗುಂಡು ಭೂಮಿಗಿಂತ ಚಂದ್ರನಿಗೇ ಹತ್ತಿರ ಇದೆ.

ಹಾಗಾಗಿ ಮೊದಲು 12 ಫ್ರೇಮಿಗೆ ಇಳಿಸಿ. ಅಷ್ಟು ಮಾಡಿದರೂ ತೇಲುವುದು ಪೂರ್ತಿ ಹೋಗುವುದಿಲ್ಲ. ಯಾಕೆಂದರೆ ಬ್ಲೆಂಡರ್ ಎರಡು ಕೀಗಳ ನಡುವೆ ತಾನಾಗಿ ಹಾಕುವ ಕರ್ವ್ ಎರಡೂ ತುದಿಯಲ್ಲಿ ನಿಧಾನ ಆಗುತ್ತದೆ. ಮೇಲೆ ನಿಧಾನ ಇರುವುದು ಸರಿ. ನೆಲದ ಹತ್ತಿರ ನಿಧಾನ ಆದರೆ ಯಾರೋ ಕೈಯಲ್ಲಿ ಹಿಡಿದು ಮೆಲ್ಲಗೆ ಇಟ್ಟ ಹಾಗೆ ಕಾಣುತ್ತದೆ. ಗುಂಡು ಅತಿ ವೇಗದಲ್ಲಿ ಇರಬೇಕಾದದ್ದೇ ನೆಲ ಮುಟ್ಟುವ ಕ್ಷಣದಲ್ಲಿ.

ಸ್ಪೇಸಿಂಗ್ ಹೇಗಿರಬೇಕು ಅಂತ ನನಗೆ ಚೆನ್ನಾಗಿ ಅರ್ಥವಾದದ್ದು ಕಾಗದದ ಮೇಲೆ. ಒಂದು ಹಾಳೆ, ಸ್ಕೇಲು ತಗೊಳ್ಳಿ. 144 ಮಿಲಿಮೀಟರ್ ಉದ್ದದ ಗೆರೆ ಎಳೆಯಿರಿ. ಮೇಲಿನಿಂದ ಶುರು ಮಾಡಿ 1 ಮಿ.ಮೀ. ಕೆಳಗೆ ಒಂದು ಚುಕ್ಕಿ. ಅಲ್ಲಿಂದ 3 ಮಿ.ಮೀ. ಕೆಳಗೆ ಇನ್ನೊಂದು. ಆಮೇಲೆ 5, 7, 9, ಹೀಗೆ ಬೆಸಸಂಖ್ಯೆಗಳಲ್ಲೇ ಹೋಗಿ. ಹನ್ನೆರಡನೇ ಹೆಜ್ಜೆ 23 ಮಿ.ಮೀ. ಇರುತ್ತದೆ, ಸರಿಯಾಗಿ ಗೆರೆಯ ಕೊನೆಗೆ ಬಂದು ನಿಲ್ಲುತ್ತೀರಿ. ಒಂದೊಂದು ಚುಕ್ಕಿ ಒಂದೊಂದು ಫ್ರೇಮ್. ಬೀಳುವ ವಸ್ತು ನಿಜಕ್ಕೂ ಇದೇ ಲೆಕ್ಕದಲ್ಲಿ ಬೀಳುತ್ತದೆ.

ಈಗ ಆ ಗೆರೆಯನ್ನೇ ನೋಡಿ. ಮೊದಲ ಆರು ಫ್ರೇಮಿನಲ್ಲಿ ಇಳಿದದ್ದು ಬರೀ 36 ಮಿ.ಮೀ., ಅಂದರೆ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಕೊನೆಯ ಆರು ಫ್ರೇಮಿನಲ್ಲಿ ಮುಗಿಯುತ್ತದೆ. ಮೇಲ್ಗಡೆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡಿವೆ, ಕೆಳಗೆ ದೊಡ್ಡ ದೊಡ್ಡ ಖಾಲಿ ಜಾಗ. ನೆಲಕ್ಕೆ ಹತ್ತಿರ ನಿಮಗೆ ಚುಕ್ಕಿಗಳ ಗುಂಪು ಕಂಡರೆ ಅಲ್ಲೇ ತಪ್ಪಿದೆ ಅಂತ ಅರ್ಥ. ಬ್ಲೆಂಡರ್‌ನಲ್ಲಿ Motion Paths ಹಾಕಿದರೆ ಇದೇ ಚುಕ್ಕಿಗಳು ಪರದೆಯ ಮೇಲೆ ಕಾಣುತ್ತವೆ.

ಇಲ್ಲಿಯವರೆಗೆ ಮಾಡಿದ್ದು ಟೆನಿಸ್ ಚೆಂಡಿಗೂ ಒಂದೇ, ಗುಂಡಿಗೂ ಒಂದೇ. ಭಾರ ಗೊತ್ತಾಗುವುದು ನೆಲ ಮುಟ್ಟಿದ ಮೇಲೆ. ಟೆನಿಸ್ ನಿಯಮದ ಪ್ರಕಾರ 254 ಸೆಂಟಿಮೀಟರ್‌ನಿಂದ ಬಿಟ್ಟ ಸಾಮಾನ್ಯ ಚೆಂಡು 135ರಿಂದ 147 ಸೆಂಟಿಮೀಟರ್ ಪುಟಿಯಬೇಕು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಮ್ಮ 12 ಫ್ರೇಮಿನ ಬೀಳುವಿಕೆಗೆ ಅದನ್ನು ಹಾಕಿದರೆ ಚೆಂಡು 9 ಫ್ರೇಮ್ ಮೇಲೇರಿ 9 ಫ್ರೇಮ್ ಇಳಿಯುತ್ತದೆ. ಆಮೇಲೆ 7, ಆಮೇಲೆ 5. ಸುಮ್ಮನಾಗುವಷ್ಟರಲ್ಲಿ ಮೂರು ಸೆಕೆಂಡ್ ಆಗಿರುತ್ತದೆ.

ಗುಂಡಿಗೆ ನಾನು ಸಾಮಾನ್ಯವಾಗಿ ಒಂಬತ್ತರಲ್ಲಿ ಒಂದು ಭಾಗ ಎತ್ತರ ಕೊಡುತ್ತೇನೆ. ಇದು ಅಳತೆ ಮಾಡಿ ತಂದ ಸಂಖ್ಯೆ ಅಲ್ಲ, ಕಣ್ಣಿಗೆ ಒಪ್ಪುತ್ತದೆ, ಲೆಕ್ಕವೂ ಸುಲಭ. ಎತ್ತರ ಒಂಬತ್ತರಲ್ಲಿ ಒಂದಾದರೆ ಸಮಯ ಮೂರರಲ್ಲಿ ಒಂದಾಗುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ಎತ್ತರ ಇಳಿಸುತ್ತಾರೆ, ಸಮಯ ಹಾಗೇ ಬಿಡುತ್ತಾರೆ. ಒಂದು ಗೇಣು ಎತ್ತರದ ಪುಟಿತಕ್ಕೆ 16 ಫ್ರೇಮ್ ಕೊಟ್ಟರೆ ತೇಲದೆ ಇನ್ನೇನು ಮಾಡುತ್ತದೆ?

ಕಾಗದದ ಮೇಲೆ 144ರ ಒಂಬತ್ತನೇ ಒಂದು ಭಾಗ 16 ಮಿ.ಮೀ. ಮೇಲೇರುವಾಗ 7, 5, 3, 1. ಇಳಿಯುವಾಗ 1, 3, 5, 7. ಅಲ್ಲಿಗೆ 8 ಫ್ರೇಮ್. ಅದಾದ ಮೇಲೆ ಒಂದು ಫ್ರೇಮ್ 1 ಮಿ.ಮೀ. ಮೇಲೆ, ಒಂದು ಫ್ರೇಮ್ ಕೆಳಗೆ, ಮುಗಿಯಿತು. ಒಟ್ಟು 22 ಫ್ರೇಮ್, ಒಂದು ಸೆಕೆಂಡಿಗಿಂತ ಕಡಿಮೆ. ಕೆಳಗೆ ಬಂದ ಹೆಜ್ಜೆ 23, ಮೇಲೆ ಹೋದ ಹೆಜ್ಜೆ ಬರೀ 7. ನೆಲ ಅಷ್ಟು ವೇಗವನ್ನು ನುಂಗಿತು ಅಂತ ಕಣ್ಣಿಗೆ ತಿಳಿಯುವುದು ಈ ವ್ಯತ್ಯಾಸದಿಂದ. ಭಾರ ಅಂತ ನಮಗೆ ಅನಿಸುವುದು ಅದೇ.

ಒಂದು ಮಾತು ಸೇರಿಸಬೇಕು. ಇದರಲ್ಲಿ ನೆಲದ ಪಾಲೂ ಇದೆ. ಅಡುಗೆಮನೆಯ ಗ್ರಾನೈಟ್ ಮೇಲೆ ಗಾಜಿನ ಗೋಲಿ ಬಿಟ್ಟರೆ ಟಣ್ ಅಂತ ಚೆನ್ನಾಗಿಯೇ ಪುಟಿಯುತ್ತದೆ. ಅದೇ ಗೋಲಿ ಮಣ್ಣಿನ ಮೇಲೆ ಬಿದ್ದಲ್ಲೇ ಕೂರುತ್ತದೆ. ನಿಮ್ಮ ದೃಶ್ಯದಲ್ಲಿ ನೆಲ ಮಣ್ಣಾಗಿದ್ದರೆ ಪುಟಿತವನ್ನೇ ಬಿಟ್ಟುಬಿಡಿ, 12 ಫ್ರೇಮ್ ಬೀಳಲಿ, ಅಲ್ಲೇ ನಿಲ್ಲಲಿ.

ಇದನ್ನು ಬ್ಲೆಂಡರ್‌ಗೆ ತರುವುದು ಹೀಗೆ. ಕೀಗಳು 1 (ಮೇಲೆ), 13 (ನೆಲ), 17 (ಮೇಲೆ), 21 (ನೆಲ), 22, 23ನೇ ಫ್ರೇಮಿನಲ್ಲಿ. ಎತ್ತರವನ್ನು ಗುಂಡಿನ ತಳದಿಂದ ಅಳೆಯಿರಿ, ನಡುವಿನಿಂದ ಅಲ್ಲ. Graph Editor ತೆರೆದು ನೆಲದ ಕೀಗಳನ್ನು ಆರಿಸಿ V ಒತ್ತಿ Free ಮಾಡಿ. ಆಗ ಕೀಯ ಎಡ, ಬಲ ಹಿಡಿಗಳು ಬೇರೆ ಬೇರೆಯಾಗಿ ಆಡುತ್ತವೆ. ಮೇಲಿನ ಕೀಯ ಹಿಡಿ ಮಟ್ಟಸವಾಗಿ, ಬೀಳುವ ಸಮಯದ ಮೂರನೇ ಒಂದು ಭಾಗದಷ್ಟು ಉದ್ದ ಇರಲಿ, ಅಂದರೆ 4 ಫ್ರೇಮ್. ನೆಲದ ಕೀಯ ಎಡ ಹಿಡಿಯೂ 4 ಫ್ರೇಮ್ ಹಿಂದೆ, ಆದರೆ ಎತ್ತರದ ಮೂರನೇ ಎರಡು ಭಾಗಕ್ಕೆ ಎಳೆಯಿರಿ. 1.2 ಮೀಟರ್‌ಗೆ ಅದು 0.8. ಹೀಗೆ ಇಟ್ಟರೆ ಕಾಗದದ ಚುಕ್ಕಿಗಳೇ ಪರದೆಯಲ್ಲಿ ಬರುತ್ತವೆ. ಪುಟಿತಕ್ಕೂ ಇದೇ ಅಳತೆ: ಸಮಯದ ಮೂರನೇ ಒಂದು, ಎತ್ತರದ ಮೂರನೇ ಎರಡು. ನೆಲದ ಕೀಯಲ್ಲಿ ಕರ್ವ್ ಚೂಪಾದ V ಆಕಾರದಲ್ಲಿ ಕಾಣಬೇಕು, ಎಡಗೈ ಕಡಿದಾಗಿ, ಬಲಗೈ ಓರೆಯಾಗಿ. ಬಟ್ಟಲಿನ ಹಾಗೆ ದುಂಡಗಿದ್ದರೆ ಮತ್ತೆ ತೇಲುತ್ತದೆ.

ಇನ್ನೂ ಸ್ವಲ್ಪ ಭಾರ ಬೇಕು ಅನಿಸಿದರೆ ಮೇಲಿನಿಂದ ಒಂದು ಫ್ರೇಮ್ ಕತ್ತರಿಸಿ. 1 ಮತ್ತು 3ರ ಬದಲು ಮೊದಲ ಹೆಜ್ಜೆಯೇ 4 ಆಗಲಿ. ಕೆಳಗಿನ ಹೆಜ್ಜೆಗಳನ್ನು ಮುಟ್ಟಬೇಡಿ.

ಇಷ್ಟೆಲ್ಲ ಸರಿ ಇದ್ದೂ ನಿಧಾನ ಕಂಡರೆ ಪರದೆಯ ಮೂಲೆಯಲ್ಲಿ ಬರುವ fps ಸಂಖ್ಯೆ ನೋಡಿ. ದೃಶ್ಯ ದೊಡ್ಡದಾಗಿದ್ದರೆ ಕಂಪ್ಯೂಟರ್ 24ರ ಬದಲು 14, 15ರಲ್ಲಿ ಓಡಿಸುತ್ತಿರಬಹುದು. ಒಮ್ಮೆ ಇದು ಗೊತ್ತಾಗದೆ ಸರಿ ಇದ್ದ ಟೈಮಿಂಗನ್ನೇ ಇಡೀ ಸಂಜೆ ತಿದ್ದಿ ಕೆಡಿಸಿದ್ದೆ. ಟೈಮ್‌ಲೈನಿನ Playback ಮೆನುವಿನಲ್ಲಿ Play Every Frame ಇದ್ದರೆ Frame Dropping ಮಾಡಿ, ಇಲ್ಲವೇ ಚಿಕ್ಕದಾಗಿ ರೆಂಡರ್ ಮಾಡಿ ನೋಡಿ, ಆಮೇಲೆ ಕೀಗಳಿಗೆ ಕೈ ಹಾಕಿ.