ಯೂರೋ ರೇಟ್ ಕೇಳಲು ಬ್ಯಾಂಕಿಗೆ ಯಾವಾಗ ಫೋನ್ ಮಾಡಬೇಕು?

ಪ್ರಶ್ನೆ: ನಾನು ಬ್ಯಾಡಗಿಯಿಂದ ಜರ್ಮನಿಗೆ ಒಣಮೆಣಸಿನಕಾಯಿ ಪುಡಿ ಕಳಿಸ್ತೀನಿ. ಹಣ ಯೂರೋದಲ್ಲಿ ಹುಬ್ಬಳ್ಳಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಬೆಳಿಗ್ಗೆ ಕೇಳಿದರೆ ಒಂದು ರೇಟ್, ಮಧ್ಯಾಹ್ನ ಇನ್ನೊಂದು. ಸಂಜೆ ಆರಕ್ಕೆ ಕೇಳಿದರೆ ಇನ್ನೂ ಕಮ್ಮಿ. ಫಾರೆಕ್ಸ್ ಮಾರ್ಕೆಟ್ 24 ಗಂಟೆ ತೆರೆದಿರುತ್ತದೆ ಅಂತಾರಲ್ಲ? ಮಧ್ಯಾಹ್ನ ಒಂದರ ಮೇಲೆ ಮಾಡಿಸು ಅಂತ ಗೆಳೆಯ ಹೇಳ್ತಾನೆ, ಅದು ಖರೇನಾ?

ಉತ್ತರ: ನಿಮ್ಮ ಗೆಳೆಯರ ಮಾತು ಸರಿ. ಆದರೆ ಅದರಿಂದ ಉಳಿಯುವುದು ಸ್ವಲ್ಪ. ದೊಡ್ಡ ಮೊತ್ತ ಬೇರೆ ಕಡೆ ಸೋರುತ್ತಿದೆ.

ಬ್ಯಾಂಕ್ ನಿಮ್ಮ ಯೂರೋವನ್ನು ನೇರವಾಗಿ ರೂಪಾಯಿ ಮಾಡುವುದಿಲ್ಲ. ಮೊದಲು ಯೂರೋ-ಡಾಲರ್ ರೇಟ್, ಆಮೇಲೆ ಡಾಲರ್-ರೂಪಾಯಿ ರೇಟ್, ಎರಡನ್ನೂ ಗುಣಿಸಿ ನಿಮಗೆ ಹೇಳುತ್ತದೆ. ಈ ಎರಡಕ್ಕೂ ಬೇರೆ ಬೇರೆ ಊರು, ಬೇರೆ ಬೇರೆ ಹೊತ್ತು.

ಯೂರೋ-ಡಾಲರ್ ಮಾರ್ಕೆಟ್ ಸೋಮವಾರದಿಂದ ಶುಕ್ರವಾರದವರೆಗೆ ಮುಚ್ಚುವುದಿಲ್ಲ, ನಿಜ. ಆದರೆ ಜನ ಸದಾ ಒಂದೇ ಸಮ ಇರುವುದಿಲ್ಲ. ಜಗತ್ತಿನ ಕರೆನ್ಸಿ ವ್ಯವಹಾರದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಲಂಡನ್ ಒಂದರಲ್ಲೇ ನಡೆಯುತ್ತದೆ. ಅಲ್ಲಿ ಬೆಳಿಗ್ಗೆ ಎಂಟಾದಾಗ ನಮಗೆ ಬೇಸಿಗೆಯಲ್ಲಿ 12:30, ಚಳಿಗಾಲದಲ್ಲಿ 1:30. ಅವರು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ. ಅದಕ್ಕೇ ಈ ಒಂದು ಗಂಟೆಯ ವ್ಯತ್ಯಾಸ.

ಜನ ಜಾಸ್ತಿ ಇದ್ದರೆ ರೇಟ್ ಯಾಕೆ ಸುಧಾರಿಸುತ್ತದೆ? ಡೀಲರ್ ಒಬ್ಬನ ಜಾಗದಲ್ಲಿ ನಿಂತು ನೋಡಿ. ನಿಮ್ಮಿಂದ ಯೂರೋ ಕೊಂಡ ಕ್ಷಣದಿಂದ ಅದನ್ನು ಮಾರುವ ತನಕ ರೇಟ್ ಬಿದ್ದರೆ ನಷ್ಟ ಅವನದು. ಕೊಳ್ಳುವವರು ತುಂಬ ಇದ್ದಾಗ ಅವನು ಸೆಕೆಂಡುಗಳಲ್ಲಿ ಕೈ ತೊಳೆದುಕೊಳ್ಳುತ್ತಾನೆ. ಜನ ಕಮ್ಮಿ ಇದ್ದಾಗ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು. ಆ ಅಪಾಯಕ್ಕಾಗಿ ಕೊಳ್ಳುವ ಬೆಲೆ ಇಳಿಸಿ, ಮಾರುವ ಬೆಲೆ ಏರಿಸುತ್ತಾನೆ. ಆ ಅಂತರವೇ ಸ್ಪ್ರೆಡ್.

ಡಾಲರ್-ರೂಪಾಯಿಗೆ ಮುಂಬೈ ಮುಖ್ಯ. ಅಲ್ಲಿನ ವ್ಯವಹಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 3:30ರವರೆಗೆ. ರಾತ್ರಿ ಲಂಡನ್, ನ್ಯೂಯಾರ್ಕ್‌ನಲ್ಲಿ ರೂಪಾಯಿ ಬಗ್ಗೆ ಏನೇನು ನಡೆಯಿತೋ ಅದೆಲ್ಲ ಬೆಳಿಗ್ಗೆ ಒಮ್ಮೆಗೇ ರೇಟಿಗೆ ಬಂದು ಸೇರುತ್ತದೆ. ಆ ಮೊದಲ ಕೆಲವು ನಿಮಿಷ ಡೀಲರ್‌ಗಳು ಎಚ್ಚರಿಕೆಯಿಂದ ಅಂತರ ಅಗಲವಾಗಿಯೇ ಇಟ್ಟಿರುತ್ತಾರೆ.

ಸಂಜೆ ಆರಕ್ಕೆ ನಿಮಗೆ ಕಮ್ಮಿ ರೇಟ್ ಸಿಕ್ಕಿದ್ದೂ ಇದರಿಂದಲೇ. ಲಂಡನ್, ನ್ಯೂಯಾರ್ಕ್ ಎರಡೂ ತೆರೆದಿರುವ ಆ ಹೊತ್ತು ಯೂರೋ-ಡಾಲರ್‌ಗೆ ದಿನದಲ್ಲೇ ಭರ್ತಿ ವ್ಯವಹಾರದ್ದು. ಆದರೆ ಮುಂಬೈ ಮುಚ್ಚಿದೆ. ನಿಮ್ಮ ಬ್ಯಾಂಕ್ ನಾಳೆ ಬೆಳಗಿನ ಅಪಾಯವನ್ನೂ ಸೇರಿಸಿ ರೇಟ್ ಹೇಳುತ್ತದೆ. ಹಾಗಾಗಿ ಎರಡೂ ಮಾರ್ಕೆಟ್ ಒಟ್ಟಿಗೆ ಚೆನ್ನಾಗಿರುವ ಹೊತ್ತು ಬೇಸಿಗೆಯಲ್ಲಿ ಸುಮಾರು 12:30ರಿಂದ 3:30, ಚಳಿಗಾಲದಲ್ಲಿ 1:30ರಿಂದ 3:30. ಕೊನೆಯ ಅರ್ಧ ಗಂಟೆ ಬಿಟ್ಟರೆ ಇನ್ನೂ ಒಳ್ಳೇದು.

ಈಗ ಲೆಕ್ಕ ನೋಡೋಣ. ಸುಲಭವಾಗಲಿ ಅಂತ ಊಹೆಯ ಅಂಕಿ ತಗೊಂಡಿದ್ದೇನೆ. ನಿಮಗೆ 20,000 ಯೂರೋ ಬಂದಿದೆ. ಯೂರೋ 1.1000 ಡಾಲರ್, ಡಾಲರ್ 90 ರೂಪಾಯಿ. ಬೆಳಿಗ್ಗೆ ಯೂರೋ-ಡಾಲರ್ ಕೊಳ್ಳುವ ಬೆಲೆ 0.0001ರಷ್ಟು ಕೆಳಗಿದ್ದರೆ ನಿಮಗೆ ನಷ್ಟ 2 ಡಾಲರ್, ಅಂದರೆ 180 ರೂಪಾಯಿ. ಡಾಲರ್-ರೂಪಾಯಿ 2 ಪೈಸೆ ಕೆಳಗಿದ್ದರೆ 22,000 ಡಾಲರಿಗೆ 440 ರೂಪಾಯಿ. ಎರಡೂ ಸೇರಿ 620.

ಇನ್ನು ಬ್ಯಾಂಕಿನ ಮಾರ್ಜಿನ್. ಮಾರ್ಕೆಟ್ ಲೆಕ್ಕದಲ್ಲಿ ನಿಮ್ಮ ಯೂರೋಗೆ 99 ರೂಪಾಯಿ ಬರಬೇಕು. ಬ್ಯಾಂಕ್ 98.60 ಕೊಟ್ಟರೆ 40 ಪೈಸೆ ಹೋಯಿತು. 20,000 ಯೂರೋಗೆ 8,000 ರೂಪಾಯಿ! ಹೊತ್ತು ನೋಡಿ ಉಳಿಸುವುದು ನೂರುಗಳಲ್ಲಿ, ಮಾರ್ಜಿನ್ ಕೇಳಿ ಇಳಿಸಿದರೆ ಉಳಿಯುವುದು ಸಾವಿರಗಳಲ್ಲಿ.

ಇದನ್ನು ನೀವೇ ಪರೀಕ್ಷಿಸಬಹುದು. ಬ್ಯಾಂಕ್ ರೇಟ್ ಹೇಳಿದ ನಿಮಿಷದಲ್ಲೇ ಮೊಬೈಲಿನಲ್ಲಿ EUR/USD ಮತ್ತು USD/INR ನೋಡಿ ಗುಣಿಸಿ. ಅವರು ಹೇಳಿದ್ದಕ್ಕೂ ಇದಕ್ಕೂ ಎಷ್ಟು ಅಂತರ ಅಂತ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಅಂತರ ಹೆಚ್ಚುಕಮ್ಮಿ ಒಂದೇ ಇದ್ದರೆ ಅದು ಮಾರ್ಜಿನ್. ಯೂರೋ ಬೆಲೆಯೇ ಏರಿಳಿದು ರೇಟ್ ಬದಲಾಗಿದ್ದರೆ ಅದು ಬೇರೆ ಮಾತು, ಅದಕ್ಕೂ ಸ್ಪ್ರೆಡ್‌ಗೂ ಸಂಬಂಧವಿಲ್ಲ.

ಕಾರ್ಡ್ ರೇಟ್‌ಗೆ ಮಾತ್ರ ಸುಮ್ನೆ ಒಪ್ಪಬೇಡಿ. ಅದು ಬೆಳಿಗ್ಗೆ ಪ್ರಕಟಿಸುವ ಪಟ್ಟಿ. ದಿನದ ಏರಿಳಿತಕ್ಕೆಲ್ಲ ಸೇರಿಸಿ ಮೊದಲೇ ಅಂತರ ಬಿಟ್ಟಿರುತ್ತಾರೆ. ಬ್ರಾಂಚಿನವರಿಗೆ ಟ್ರೆಜರಿಯಿಂದ ಲೈವ್ ರೇಟ್ ತರಿಸಲು ಹೇಳಿ, ಮಾರ್ಜಿನ್ ಎಷ್ಟು ಪೈಸೆ ಅಂತ ನೇರವಾಗಿ ಕೇಳಿ.

ಹಣ ಸಂಜೆ ಬಂದರೆ ಅವಸರ ಬೇಡ. ರಫ್ತುದಾರರಿಗೆ ಇರುವ ಇಇಎಫ್‌ಸಿ ಖಾತೆಯಲ್ಲಿ ಯೂರೋವಾಗಿಯೇ ಇಟ್ಟು ಮರುದಿನ ಮಧ್ಯಾಹ್ನ ಬದಲಿಸಬಹುದು. ರಾತ್ರಿ ಯೂರೋ ಬೆಲೆ ಬಿದ್ದರೆ ಆ ನಷ್ಟ ನಿಮ್ಮದು ಅನ್ನುವುದು ನೆನಪಿರಲಿ. ಈಸ್ಟರ್ ಸೋಮವಾರದಂಥ ದಿನ ಮುಂಬೈ ತೆರೆದಿದ್ದರೂ ಲಂಡನ್ ರಜೆ ಇರುತ್ತದೆ. ಅಂದು ಮಧ್ಯಾಹ್ನದ ಲಾಭ ಸಿಗುವುದಿಲ್ಲ, ಆಗುವುದಾದರೆ ಮಂಗಳವಾರಕ್ಕೆ ಇಟ್ಟುಕೊಳ್ಳಿ.