ಹೆಡ್‌ಫೋನಿನಲ್ಲಿ ಕೇಳುವ ಮಾತು ಫೋನಿನಲ್ಲಿ ಮಾಯವಾಗುವುದೇಕೆ?

ಪ್ರಶ್ನೆ: ಸಂದರ್ಶನವೊಂದರ ಅಂತಿಮ ಆವೃತ್ತಿ ಸಿದ್ಧವಾಗಿದೆ. ಹೆಡ್‌ಫೋನಿನಲ್ಲಿ ಎಲ್ಲವೂ ಕೇಳುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಅತಿಥಿಯ ಮಾತು ಎಲ್ಲೋ ದೂರದಿಂದ ಬಂದಷ್ಟು ಕ್ಷೀಣ. ಪ್ರಶ್ನೆ ಕೇಳುವವರ ದನಿಯೂ ಸಂಗೀತವೂ ಸರಿಯಾಗಿವೆ. ಟಿವಿಯಲ್ಲಿ ಕೂತ ಜಾಗ ಬದಲಿಸಿದಂತೆ ಅತಿಥಿಯ ದನಿ ಬದಲಾಗುತ್ತದೆ. ಆ ಟ್ರ್ಯಾಕನ್ನು 6 ಡೆಸಿಬೆಲ್ ಏರಿಸಿದರೂ ಫೋನಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಫೋನಿಗೆ ಒಗ್ಗುವ ಇಕ್ವಲೈಜರ್ ಸೆಟ್ಟಿಂಗ್ ತಿಳಿಸುವಿರಾ?

ಉತ್ತರ: ತಿಳಿಸುವುದಿಲ್ಲ. ಇಲ್ಲದ ದನಿಯನ್ನು ಯಾವ ಇಕ್ವಲೈಜರೂ ತಿದ್ದಲಾರದು. ಫೋನಿನ ಸ್ಪೀಕರ್ ಚಿಕ್ಕದು, ಆದ್ದರಿಂದಲೇ ಮಾತು ಕೇಳುವುದಿಲ್ಲ ಎಂಬ ಸಿದ್ಧ ಉತ್ತರವನ್ನು ಹಂಚುವವರು ಬಹಳ ಮಂದಿ ಇದ್ದಾರೆ. "ಮೊಬೈಲ್ ಪ್ರೀಸೆಟ್" ಎಂದು ಮಾರುವವರೂ ಇದ್ದಾರೆ. ಅದೇ ಚಿಕ್ಕ ಸ್ಪೀಕರ್‌ನಲ್ಲಿ ಪ್ರಶ್ನೆ ಕೇಳುವವರ ದನಿ ಸರಿಯಾಗಿ ಬರುತ್ತಿದೆ ಎಂದು ನೀವೇ ಬರೆದಿದ್ದೀರಿ. ಆ ಒಂದು ಮಾತೇ ಸ್ಪೀಕರ್ ನಿರಪರಾಧಿ ಎನ್ನಲು ಸಾಕು.

ನಿಮ್ಮ ಲಕ್ಷಣಗಳೆಲ್ಲ ಬೊಟ್ಟು ಮಾಡುವುದು ಒಂದೇ ಕಡೆಗೆ: ಅತಿಥಿಯ ಟ್ರ್ಯಾಕಿನಲ್ಲಿ ಎಡ ಮತ್ತು ಬಲ ಚಾನೆಲ್‌ಗಳ ತರಂಗಗಳು ಪರಸ್ಪರ ತಲೆಕೆಳಗಾಗಿವೆ. ಎಡದಲ್ಲಿ ತರಂಗ ಮೇಲೇರುವ ಕ್ಷಣದಲ್ಲಿ ಬಲದಲ್ಲಿ ಅದು ಅಷ್ಟೇ ಕೆಳಗಿಳಿಯುತ್ತದೆ. ಹೆಡ್‌ಫೋನಿನಲ್ಲಿ ಎಡಕಿವಿಗೆ ಎಡ ಚಾನೆಲ್, ಬಲಕಿವಿಗೆ ಬಲ ಚಾನೆಲ್ ಪ್ರತ್ಯೇಕವಾಗಿ ತಲುಪುವುದರಿಂದ ಇವೆರಡೂ ಎಲ್ಲಿಯೂ ಕೂಡುವುದಿಲ್ಲ, ಆದ್ದರಿಂದ ಮಾತು ಉಳಿಯುತ್ತದೆ. ಒಂದೇ ಸ್ಪೀಕರ್ ಇರುವ ಫೋನು ಎರಡನ್ನೂ ಕೂಡಿಸಿ ಮೊನೊ ಮಾಡುತ್ತದೆ. ಕೂಡಿದರೆ ಉತ್ತರ ಸೊನ್ನೆ. 6 ಡೆಸಿಬೆಲ್ ಏರಿಸಿದಾಗ ಎರಡೂ ಚಾನೆಲ್‌ಗಳು ಸಮನಾಗಿ ಏರಿದವು, ಉತ್ತರ ಸೊನ್ನೆಯಾಗಿಯೇ ಉಳಿಯಿತು. ಟಿವಿಯ ಎರಡು ಸ್ಪೀಕರ್‌ಗಳ ದನಿ ಕೋಣೆಯ ಗಾಳಿಯಲ್ಲಿ ಕೂಡುತ್ತದೆಯಾದ್ದರಿಂದ ಅಳಿಸುವಿಕೆ ಅಪೂರ್ಣ, ನೀವು ಕೂತ ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ಹಾಗಾದರೆ ಫೋನಿನಲ್ಲಿ ಕೇಳುವ ಆ ಕ್ಷೀಣ ದನಿ ಯಾವುದು? ಬಹುಮಟ್ಟಿಗೆ ಅದು ಪ್ರಶ್ನೆ ಕೇಳುವವರ ಮೈಕಿಗೆ ದೂರದಿಂದ ಸೋರಿದ ಅತಿಥಿಯ ಮಾತು. ದೂರದಿಂದ ಬಂದಂತೆ ಕೇಳುವುದು ಸಹಜವೇ, ಅದು ದೂರದಿಂದಲೇ ಬಂದದ್ದು.

ಇದು ಹೇಗಾಗುತ್ತದೆ ಎಂದರೆ, ಎಕ್ಸ್‌ಎಲ್‌ಆರ್ ಮೈಕುಗಳ ಬ್ಯಾಲೆನ್ಸ್ಡ್ ಕೇಬಲ್‌ನ ಒಂದು ತಂತಿಯಲ್ಲಿ ದನಿ ನೇರವಾಗಿಯೂ ಇನ್ನೊಂದರಲ್ಲಿ ತಲೆಕೆಳಗಾಗಿಯೂ ಸಾಗುತ್ತದೆ. ಸರಿಯಾದ ಇನ್‌ಪುಟ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಆಗ ದನಿ ಬಲವಾಗುತ್ತದೆ, ದಾರಿಯಲ್ಲಿ ಎರಡು ತಂತಿಗಳಿಗೂ ಸಮನಾಗಿ ಅಂಟಿದ ಗೊರಗೊರ ಅಳಿಯುತ್ತದೆ. ಅದೇ ಕೇಬಲನ್ನು ಅಡಾಪ್ಟರ್ ಮೂಲಕ ಕ್ಯಾಮೆರಾದ 3.5 ಮಿ.ಮೀ. ಸ್ಟೀರಿಯೊ ಮೈಕ್ ಸಾಕೆಟ್‌ಗೆ ಚುಚ್ಚಿದರೆ, ಕಳೆಯುವ ಕೆಲಸ ಅರಿಯದ ಕ್ಯಾಮೆರಾ ಒಂದು ತಂತಿಯನ್ನು ಎಡವೆಂದೂ ಇನ್ನೊಂದನ್ನು ಬಲವೆಂದೂ ಬರೆದುಕೊಳ್ಳುತ್ತದೆ. ಎರಡೂ ಮೀಟರ್‌ಗಳು ಸಮನಾಗಿ ಕುಣಿಯುವುದರಿಂದ ಚಿತ್ರೀಕರಣದ ಜಾಗದಲ್ಲಿ ಯಾರಿಗೂ ಸಂಶಯ ಬರುವುದಿಲ್ಲ.

ನನ್ನ ಮಾತನ್ನು ನಂಬುವ ಬದಲು ಪರೀಕ್ಷಿಸಿ. ಐಫೋನಿನಲ್ಲಿ `Settings > Accessibility > Audio & Visual` ಒಳಗೆ `Mono Audio` ಇದೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಇಂಥದೇ ಆಯ್ಕೆ `Accessibility` ಒಳಗೆ ಸಿಗುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಅತಿಥಿ ಮಾತನಾಡುವ ಭಾಗದಲ್ಲಿ ಇದನ್ನು ಹಾಕಿ, ತೆಗೆಯಿರಿ. ಹಾಕಿದೊಡನೆ ಮಾತು ಕುಸಿದರೆ ದೋಷ ತರಂಗದ್ದು. ಕುಸಿಯದೆ, ಸ್ಪೀಕರ್‌ಗೆ ಬಂದಾಗ ಮಾತ್ರ ಮಾತು ಮುಳುಗಿದರೆ ಅದು ಬೇರೆಯೇ ತೊಂದರೆ: ಚಿಕ್ಕ ಸ್ಪೀಕರ್ ದನಿಯ ತಳಭಾಗವನ್ನು ಬಿಟ್ಟುಬಿಟ್ಟಿದೆ, ಉಳಿದದ್ದನ್ನು ಸಂಗೀತ ಮುಚ್ಚುತ್ತಿದೆ. ಆಗ ಸಂಗೀತವನ್ನು ಇಳಿಸಬೇಕೇ ಹೊರತು ಮಾತನ್ನು ಕಿರುಚಿಸಬಾರದು. ಈ ಎರಡನ್ನೂ ಬೇರ್ಪಡಿಸದೆ ಫೋನಿನಲ್ಲಿ ಸುಮ್ಮನೆ ಕೇಳಿ ತಲೆದೂಗುವುದನ್ನು ನಾನು ಪರಿಶೀಲನೆ ಎಂದು ಕರೆಯುವುದಿಲ್ಲ. ಎರಡು ಸ್ಪೀಕರ್ ಇರುವ ಫೋನುಗಳು ಈ ದೋಷವನ್ನು ಅರೆಬರೆ ಬಚ್ಚಿಡುತ್ತವೆ, ಆದ್ದರಿಂದಲೂ ಮೊನೊ ಪರೀಕ್ಷೆಯೇ ಮೊದಲು. ಹೆಡ್‌ಫೋನಿನಲ್ಲಿಯೂ ಸುಳಿವಿದೆ: ಸರಿಯಾದ ಮಾತು ತಲೆಯ ನಡುವೆ ನಿಲ್ಲುತ್ತದೆ, ತಲೆಕೆಳಗಾದದ್ದು ನಡುವನ್ನು ಖಾಲಿ ಬಿಟ್ಟು ಎರಡು ಬದಿಗೆ ಹರಡುತ್ತದೆ. ಕೆಲವರು ಇದನ್ನೇ "ವಿಶಾಲವಾದ ಸೌಂಡ್" ಎಂದು ಮೆಚ್ಚುತ್ತಾರೆ.

ಪರಿಹಾರ ಸುಲಭ. ಅತಿಥಿಯ ಕ್ಲಿಪ್‌ನ ಬಲ ಚಾನೆಲನ್ನು ಕೈಬಿಟ್ಟು ಎಡವೊಂದನ್ನೇ ಮೊನೊ ಆಗಿ ನಡುವಿಗೆ ತನ್ನಿ. ಪ್ರೀಮಿಯರ್ ಪ್ರೊದಲ್ಲಿ ಇದು `Modify > Audio Channels` ಒಳಗಿದೆ, ಡಾವಿಂಚಿ ರಿಸಾಲ್ವ್‌ನಲ್ಲಿ `Clip Attributes` ಒಳಗಿದೆ. ಬಳಿಕ, ದಯವಿಟ್ಟು ಮರೆಯದೆ, ಏರಿಸಿದ 6 ಡೆಸಿಬೆಲ್ ಅನ್ನು ಇಳಿಸಿ. ಇಲ್ಲದಿದ್ದರೆ ಅತಿಥಿ ಈಗ ಎಲ್ಲ ಕಡೆಯೂ ಅಬ್ಬರಿಸುತ್ತಾರೆ. ಇಡೀ ಮಿಶ್ರಣದ ಬಲ ಚಾನೆಲನ್ನೇ ತಲೆಕೆಳಗು ಮಾಡಿ ಎಂಬ ಸಲಹೆಯೂ ಓಡಾಡುತ್ತಿದೆ. ಹಾಗೆ ಮಾಡಿದರೆ ಅತಿಥಿಯ ಮಾತು ಮರಳುತ್ತದೆ, ಪ್ರಶ್ನೆ ಕೇಳುವವರು ಮಾಯವಾಗುತ್ತಾರೆ.

ಮೂಲ ಪ್ರಾಜೆಕ್ಟ್ ಅಳಿಸಿಹೋಗಿ ಅಂತಿಮ ಫೈಲ್ ಮಾತ್ರ ಉಳಿದಿದ್ದರೆ, ಅದರ ಎಡ ಚಾನೆಲನ್ನೇ ಎರಡೂ ಕಡೆಗೆ ನಕಲಿಸುವುದು ಕೊನೆಯ ದಾರಿ. ಸಂಗೀತದ ಸ್ಟೀರಿಯೊ ಹರವು ಹೋಗುತ್ತದೆ, ಬಲಕ್ಕೆ ಮಾತ್ರ ಇಟ್ಟಿದ್ದ ಶಬ್ದಗಳೂ ಹೋಗುತ್ತವೆ, ಮಾತು ಉಳಿಯುತ್ತದೆ:

```
ffmpeg -i final.mp4 -c:v copy -af "pan=stereo|c0=c0|c1=c0" fixed.mp4
```

ಪರೀಕ್ಷೆಯನ್ನು ಟೈಮ್‌ಲೈನಿನಲ್ಲಲ್ಲ, ಎಕ್ಸ್‌ಪೋರ್ಟ್ ಆದ ಫೈಲಿನಲ್ಲಿ ಮಾಡಿ. ಟಿವಿಯಲ್ಲಿ ಕೇಳುವ ಮೊದಲು ಅದರ ಸರೌಂಡ್ ಮತ್ತು ಮಾತನ್ನು ಎತ್ತಿಕೊಡುವ ಮೋಡ್‌ಗಳನ್ನು ಆಫ್ ಮಾಡಿ, ಇಲ್ಲದಿದ್ದರೆ ನೀವು ಪರೀಕ್ಷಿಸುವುದು ನಿಮ್ಮ ವಿಡಿಯೊವನ್ನಲ್ಲ, ಟಿವಿಯ ಕೈಚಳಕವನ್ನು.

ಪ್ರಶ್ನೆ: ಮಾತಿಗೆ ಗಾಂಭೀರ್ಯ ಬರಲೆಂದು ಸ್ಟೀರಿಯೊ ಅಗಲಿಸುವ ಪ್ಲಗಿನ್ ಹಾಕಿದ್ದೇನೆ. ಫೋನಿನಲ್ಲಿ ದನಿ ಟೊಳ್ಳಾಗಿದೆ.

ಉತ್ತರ: ತೆಗೆದುಹಾಕಿ. ಇಂಥ ಅನೇಕ ಪ್ಲಗಿನ್‌ಗಳು ಒಂದು ಚಾನೆಲನ್ನು ತುಸು ತಡಮಾಡುತ್ತವೆ. ತಡ 1 ಮಿಲಿಸೆಕೆಂಡ್ ಇದ್ದರೆ ಮೊನೊದಲ್ಲಿ 500, 1500, 2500 ಹರ್ಟ್ಸ್ ಹೀಗೆ ಸಾಲಾಗಿ ತೂತುಗಳು ಬೀಳುತ್ತವೆ, ಮತ್ತು ಅವೆಲ್ಲ ಮಾತು ಇರುವ ಜಾಗಗಳೇ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನಿನಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದಿಕೆಯಿಲ್ಲ. ಆಡಿಯೊವನ್ನು ಎಷ್ಟು ಫ್ರೇಮ್ ಸರಿಸಲಿ?

ಉತ್ತರ: ಒಂದನ್ನೂ ಬೇಡ, ತಂತಿಯ ಹೆಡ್‌ಫೋನ್ ತನ್ನಿ.

ಪ್ರಶ್ನೆ: ಫೋನು, ಟಿವಿ, ಹೆಡ್‌ಫೋನ್ ಮೂರಕ್ಕೂ ಬೇರೆ ಬೇರೆ ಆವೃತ್ತಿ ಮಾಡಬೇಕೇ?

ಉತ್ತರ: ಬೇಡ. ವೀಕ್ಷಕರು ಯಾವುದರಲ್ಲಿ ನೋಡುತ್ತಾರೋ ನೀವು ಆರಿಸಲಾರಿರಿ.