ಮೊಟ್ಟೆಗೆ ಬಾತುಕೋಳಿ: ಹೊಂಡಕ್ಕಿಂತ ಮೊದಲು ಆಹಾರದ ಚೀಲ ನೋಡಿ

ಪ್ರಶ್ನೆ: ಅಂಕೋಲಾ ಹತ್ತಿರ ನಮ್ಮ ತೋಟದಲ್ಲಿ 20 ಅಡಿಗೆ 25 ಅಡಿಯ ಹೊಂಡ ಇದೆ. ಮನೆಯಲ್ಲಿ ಊರುಕೋಳಿ ಇವೆ. ಮೊಟ್ಟೆಗೆ ಎಂಟು ಬಾತುಕೋಳಿ ತರಬೇಕು ಅಂತಿದ್ದೇನೆ. ಕೋಳಿಗೂಡಲ್ಲೇ ಇಟ್ಟು ಕೋಳಿ ಆಹಾರವನ್ನೇ ಹಾಕಿದರೆ ಆಗುತ್ತಾ?

ಗೂಡು ಬೇರೆ ಬೇಕು. ಕೋಳಿ ಆಹಾರ ನಡೆಯುತ್ತದೆ, ಆದರೆ ಕೊಡುವ ರೀತಿ ಬೇರೆ, ಇಡುವ ಎಚ್ಚರ ಬೇರೆ. ನಾನು ಕುಮಟಾ ಕಡೆಯವನು, ಮನೆಯಲ್ಲಿ ಕೋಳಿಯೂ ಬಾತೂ ಎರಡೂ ಇವೆ. ನೀವು ಹೊಂಡದ ಅಳತೆ ಹೇಳಿದ್ದೀರಿ, ಆದರೆ ನಾನು ಆಹಾರದಿಂದ ಶುರು ಮಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಬಾತು ಸಾಯುವುದು ಜಾಸ್ತಿ ಅಲ್ಲಿಂದಲೇ.

ಬಾತು ಅಂದರೆ ನೀರಿನ ಹಕ್ಕಿ, ಮಳೆಗಾಲ ಅದಕ್ಕೇನು ಮಾಡುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೈಮೇಲೆ ಬೀಳುವ ಮಳೆ ಏನೂ ಮಾಡುವುದಿಲ್ಲ, ನಿಜ. ಕೋಳಿ ಕೊಟ್ಟಿಗೆ ಮೂಲೆಯಲ್ಲಿ ಮುದುಡಿ ನಿಂತಾಗ ಬಾತು ಅಂಗಳದಲ್ಲಿ ಹುಳು ಹುಡುಕುತ್ತಿರುತ್ತದೆ. ಆದರೆ ಅದೇ ಮಳೆಯ ಥಂಡಿ ಆಹಾರದ ಚೀಲಕ್ಕೆ ಹತ್ತಿದರೆ ಮೆಕ್ಕೆಜೋಳಕ್ಕೆ, ಶೇಂಗಾ ಹಿಂಡಿಗೆ ಬೂಷ್ಟು ಬರುತ್ತದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟಬಹುದು. ಕೋಳಿ ಅದನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಬಾತುಮರಿಗೆ ತೀರಾ ಸ್ವಲ್ಪವೇ ಸಾಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾ ಹಿಂಡಿ ತಿಂದು ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗಲೇ ಈ ವಿಷ ಗೊತ್ತಾಗಿದ್ದು. ಆಗ ಬಾತುಮರಿಗಳೂ ಸತ್ತಿದ್ದವು. ಆಮೇಲೆ ಆಹಾರದಲ್ಲಿ ವಿಷ ಇದೆಯಾ ಅಂತ ನೋಡಲು ಬಾತುಮರಿಗೇ ತಿನ್ನಿಸಿ ಪರೀಕ್ಷೆ ಮಾಡುತ್ತಿದ್ದರು. ಅಷ್ಟು ಸೂಕ್ಷ್ಮ ಅದು.

ನಮ್ಮ ಪಕ್ಕದ ಊರಿನ ಒಬ್ಬರ ಮನೆಯಲ್ಲಿ ಜುಲೈ ತಿಂಗಳಲ್ಲಿ ಹೀಗೇ ಆಯಿತು. ಒಂದೇ ಚೀಲದ ಜೋಳದ ಪುಡಿ ಕೋಳಿಗೂ ಬಾತುಮರಿಗೂ ಹೋಗುತ್ತಿತ್ತು. ಕೋಳಿ ಆರಾಮಾಗಿದ್ದವು. ಮರಿಗಳು ಮೊದಲು ತಿನ್ನುವುದು ಕಡಿಮೆ ಮಾಡಿದವು, ಆಮೇಲೆ ಕುಂಟತೊಡಗಿದವು. ಕಾಲು, ಪಾದ ನೇರಳೆ ಬಣ್ಣಕ್ಕೆ ತಿರುಗಿತು. ಕೊನೆಗೆ ಕತ್ತು ಹಿಂದಕ್ಕೆ ಸೆಟೆದು ಸತ್ತವು. ಅವರು ಹೊಂಡದ ನೀರಿನ ಮೇಲೆ ಅನುಮಾನ ಪಟ್ಟಿದ್ದರು. ಚೀಲದ ತಳದಲ್ಲಿ ಕೈ ಹಾಕಿ ನೋಡಿದರೆ ಪುಡಿ ಗಂಟು ಕಟ್ಟಿ ಮುಗ್ಗಲು ವಾಸನೆ ಬರುತ್ತಿತ್ತು. ದೊಡ್ಡ ಬಾತಾದರೆ ಇಷ್ಟು ಬೇಗ ಸಾಯುವುದಿಲ್ಲ. ಮೊಟ್ಟೆ ಇಳಿಯುತ್ತದೆ, ಹಕ್ಕಿ ಸೊರಗುತ್ತದೆ, ಕಾರಣ ಗೊತ್ತಾಗುವುದೇ ಇಲ್ಲ.

ಬೂಷ್ಟು ಬಂದದ್ದನ್ನು ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಅದನ್ನು ಎಸೆಯಲೇಬೇಕು. ಹೊರಗೆ ಮೇಯದ ದೊಡ್ಡ ಬಾತು ದಿನಕ್ಕೆ 120ರಿಂದ 150 ಗ್ರಾಂ ತಿನ್ನುತ್ತದೆ. ಎಂಟಕ್ಕೆ ಸುಮಾರು ಒಂದು ಕಿಲೋ ಆಯಿತು. 50 ಕಿಲೋ ಚೀಲ ತಂದರೆ ಒಂದೂವರೆ ತಿಂಗಳು ಬಾಯಿ ತೆರೆದೇ ಇರುತ್ತದೆ, ಆಷಾಢದಲ್ಲಿ ಅದು ಬೇಡವೇ ಬೇಡ. ಮಳೆಗಾಲದಲ್ಲಿ ಹತ್ತು ಹದಿನೈದು ಕಿಲೋ ಮಾತ್ರ ತನ್ನಿ. ಬಿಗಿ ಮುಚ್ಚಳದ ಡ್ರಮ್ಮಿನಲ್ಲಿ ಹಾಕಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಇಡಿ. ಶೇಂಗಾ ಹಿಂಡಿ ಪೂರ್ತಿ ಬಿಟ್ಟುಬಿಡಿ. ಮೆಕ್ಕೆಜೋಳದ ಬದಲು ನುಚ್ಚಕ್ಕಿ, ತಾಜಾ ತೌಡು ಜಾಸ್ತಿ ಮಾಡಿದರೆ ಭಯ ಕಡಿಮೆ.

ಇನ್ನು ಕೊಡುವ ರೀತಿ. ಕೋಳಿ ಒಣ ಪುಡಿಯನ್ನು ಹೆಕ್ಕಿ ತಿನ್ನುತ್ತದೆ. ಬಾತಿಗೆ ಒಣ ಪುಡಿ ನುಂಗಲು ಕಷ್ಟ, ಕೊಕ್ಕಿಗೆ ಅಂಟಿಕೊಳ್ಳುತ್ತದೆ. ನೀರು ಹಾಕಿ ಉದುರುದುರಾಗಿ ಕಲಸಿ ಕೊಡಿ. ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಕಲಸಿ. ಉಳಿದದ್ದು ಸಂಜೆಗೆ ಹುಳಿ ಬರುತ್ತದೆ, ಪಾತ್ರೆ ತೊಳೆದಿಡಿ. ಪಕ್ಕದಲ್ಲೇ ನೀರು ಇರಲೇಬೇಕು, ತಿನ್ನುತ್ತಾ ತಿನ್ನುತ್ತಾ ಅದು ಕುಡಿಯುತ್ತದೆ. ಕೋಳಿಗೆ ಇಡುವ ಚಪ್ಪಟೆ ಪಾತ್ರೆ ಸಾಲುವುದಿಲ್ಲ. ಐದಾರು ಇಂಚು ಆಳ ಬೇಕು. ಮೂಗಿನ ತೂತಿನವರೆಗೆ ಕೊಕ್ಕು ಮುಳುಗಿಸಿ ತೊಳೆದುಕೊಳ್ಳದಿದ್ದರೆ ಮೂಗು ಕಟ್ಟುತ್ತದೆ, ಕಣ್ಣಿನ ಸುತ್ತ ಪಿಸುರು ಕೂರುತ್ತದೆ.

ನಿಮ್ಮ ಹೊಂಡ ಕೇವಲ 500 ಚದರ ಅಡಿ, ಅರ್ಧ ಗುಂಟೆಗೂ ಸ್ವಲ್ಪ ಕಡಿಮೆ. ಮೀನಿನ ಜೊತೆ ಬಾತು ಸಾಕುವವರು ಹೆಕ್ಟೇರಿಗೆ 200ರಿಂದ 300 ಬಾತು ಬಿಡುತ್ತಾರೆ. ಅಂದರೆ ಗುಂಟೆಗೆ ಎರಡು ಮೂರು. ಆ ಲೆಕ್ಕದಲ್ಲಿ ನಿಮ್ಮ ಹೊಂಡ ಒಂದು ಬಾತಿನ ಹಿಕ್ಕೆಯನ್ನು ತಡೆದುಕೊಳ್ಳಬಹುದು, ಎಂಟನ್ನಲ್ಲ. ದಿನವಿಡೀ ಬಿಟ್ಟರೆ ನೀರು ದಪ್ಪ ಹಸಿರಾಗಿ, ಗುಳ್ಳೆ ಎದ್ದು ನಾರುತ್ತದೆ. ಮೀನಿದ್ದರೆ ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುತ್ತವೆ. ಅದು ಹೊಂಡ ಸೋತಿದೆ ಅನ್ನುವ ಗುರುತು. ಬಾತು ಮೊಟ್ಟೆ ಇಡಲು ಈಜಲೇಬೇಕು ಅಂತಿಲ್ಲ. ಹಾಗಾಗಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ಹೊಂಡಕ್ಕೆ ಬಿಡಿ, ಉಳಿದ ಹೊತ್ತು ತೋಟದಲ್ಲಿ ಮೇಯಲಿ. ಆ ನೀರನ್ನು ಆಗಾಗ ತೆಂಗಿಗೆ, ಬಾಳೆಗೆ ಬಿಟ್ಟು ಹೊಸ ನೀರು ತುಂಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದು ತಳ ಕೊಳೆತಾಗ ಹೊಂಡವನ್ನೇ ಮುಚ್ಚಿಡಿ. ಆ ಕೊಳೆಯಲ್ಲಿ ಹುಟ್ಟುವ ವಿಷದಿಂದ ಬಾತಿನ ಕತ್ತು ಜೋತುಬಿದ್ದು ಸಾಯುವುದುಂಟು. ಅಂಚಿನ ಒಂದು ಕಡೆ ಇಳಿಜಾರು ಮಾಡಿ. ದಡ ನೆಟ್ಟಗಿದ್ದರೆ ಹತ್ತಲಾಗದೆ ಮರಿಗಳು ಮುಳುಗುತ್ತವೆ. ಅಡಿಕೆಗೆ ಬೋರ್ಡೋ ಹೊಡೆಯುವಾಗ ಮೈಲುತುತ್ತದ ನೀರು ಹೊಂಡಕ್ಕೆ ಇಳಿಯದ ಹಾಗೆ ನೋಡಿಕೊಳ್ಳಿ.

ಗೂಡಿನ ವಿಷಯ. ಕೋಳಿ ಕೋಲಿನ ಮೇಲೆ ಕೂರುತ್ತದೆ, ಬಾತು ನೆಲದಲ್ಲಿ ಮಲಗುತ್ತದೆ. ಒಂದೇ ಗೂಡಾದರೆ ಕೋಳಿ ಹಿಕ್ಕೆ ಬಾತಿನ ಮೇಲೆ ಬೀಳುತ್ತದೆ, ಬಾತಿನ ನೀರ್ಹಿಕ್ಕೆಯಿಂದ ಕೋಳಿಯ ನೆಲ ಒದ್ದೆಯಾಗುತ್ತದೆ. ಹಕ್ಕಿಜ್ವರದ ರೋಗಾಣು ಬಾತಿನಲ್ಲಿ ಲಕ್ಷಣವೇ ಇಲ್ಲದೆ ಇರಬಹುದು, ಕೋಳಿಗೆ ಅದೇ ಸಾವು. ಒಂದು ಬಾತಿಗೆ ರಾತ್ರಿ ನಾಲ್ಕು ಚದರ ಅಡಿ ಸಾಕು. ಚಿರೆಕಲ್ಲು ಕಟ್ಟಿ ಒಂದಡಿ ಎತ್ತರ ಮಾಡಿ, ಮೇಲೆ ಉಮಿ ಅಥವಾ ಒಣಹುಲ್ಲು ದಪ್ಪಗೆ ಹರಡಿ. ಮಳೆಗಾಲದಲ್ಲಿ ಒದ್ದೆಯಾದ ದಿನವೇ ಬದಲಿಸಿ. ಒಳಗೆ ರಾತ್ರಿ ಆಹಾರವೂ ಬೇಡ, ನೀರೂ ಬೇಡ.

ಬೆಳಿಗ್ಗೆ ಬೇಗ ಬಾಗಿಲು ತೆಗೆಯಬೇಡಿ. ಕೋಳಿ ಹಗಲು ಯಾವಾಗ ಬೇಕಾದರೂ ಮೊಟ್ಟೆ ಇಡುತ್ತದೆ. ಬಾತು ಹೆಚ್ಚುಕಡಿಮೆ ಎಲ್ಲವನ್ನೂ ಒಂಬತ್ತು ಗಂಟೆ ಒಳಗೆ ಇಟ್ಟುಬಿಡುತ್ತದೆ. ಆರಕ್ಕೇ ಬಿಟ್ಟರೆ ಮೊಟ್ಟೆ ಹೊಂಡದ ತಳದಲ್ಲೋ ಪೊದೆಯಲ್ಲೋ ಇರುತ್ತದೆ, ಮುಂಗುಸಿಗೆ ಹಬ್ಬ.

ತರುವುದಾದರೆ ಖಾಕಿ ಕ್ಯಾಂಪ್‌ಬೆಲ್ ತನ್ನಿ, ಮೊಟ್ಟೆಗೆ ಅದೇ ಒಳ್ಳೆಯದು. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೇಂದ್ರ ಇದೆ, ಅಲ್ಲಿ ಮೊದಲೇ ವಿಚಾರಿಸಿ. ಮರಿ ಮಾಡಿಸುವುದಿಲ್ಲ ಅಂದರೆ ಗಂಡು ಬೇಕಿಲ್ಲ, ಎಂಟೂ ಹೆಣ್ಣೇ ಇರಲಿ. ಮರಿಗೆ ನಯಾಸಿನ್ ಅನ್ನುವ ವಿಟಮಿನ್ ಕೋಳಿಮರಿಗಿಂತ ಜಾಸ್ತಿ ಬೇಕು. ಕಡಿಮೆಯಾದರೆ ಕಾಲು ಬಾಗಿ ಕುಳಿತೇ ಇರುತ್ತದೆ. ಕೋಳಿಮರಿ ಆಹಾರದ ಜೊತೆ ಸ್ವಲ್ಪ ಯೀಸ್ಟ್ ಕಲಸಿ. ಉಪ್ಪು ಹಾಕದ ಹಸಿ ತಾರ್ಲೆ ಚೂರೂ ಒಳ್ಳೆಯದು, ಉಪ್ಪಿನ ಒಣಮೀನು ಬೇಡ. ಮೂರು ನಾಲ್ಕು ವಾರ ಆಗುವವರೆಗೆ ಹೊಂಡಕ್ಕೆ ಬಿಡಬೇಡಿ. ತಾಯಿಯಿಲ್ಲದ ಮರಿಯ ತುಪ್ಪಳ ನೀರು ಹೀರಿ ಅದು ಥಂಡಿಗೆ ಸಾಯುತ್ತದೆ. ಮರಿಗೆ ಎರಡು ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ಡಕ್ ಪ್ಲೇಗ್ ಲಸಿಕೆ ಕೇಳಿ.

ಮರಿಯನ್ನು ದೀಪಾವಳಿ ಕಳೆದ ಮೇಲೆ ತನ್ನಿ. ಜೂನ್ ಬರುವ ಹೊತ್ತಿಗೆ ಅವು ಮರಿಗಳಾಗಿ ಉಳಿದಿರುವುದಿಲ್ಲ, ನಾಲ್ಕೂವರೆ ಐದು ತಿಂಗಳಿಗೆ ಮೊಟ್ಟೆ ಶುರುವಾಗಿರುತ್ತದೆ.